ಹಳೇ ಬಾಡಿಗೆ ಮನೆಯಲ್ಲಿ ವಾಷಿಂಗ್ ಮಷೀನ್, ಗೀಸರ್ ಮತ್ತು ಅರ್ಥಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಕೌಲ್ ಬಜಾರ್, ಬ್ರೂಸ್‌ಪೇಟೆ ಕಡೆಯ ಹಳೇ ಮನೆಗಳಲ್ಲಿ ಬಾಡಿಗೆಗೆ ಇರುವವರು ಕೇಳುವ ಪ್ರಶ್ನೆಗಳನ್ನೇ ರಾಯಚೂರು, ಕೊಪ್ಪಳದ ಪರಿಚಯದವರೂ ಕೇಳುತ್ತಾರೆ. ಒಂದು ಫ್ಯಾನು, ನಾಲ್ಕು ಬಲ್ಬು ಅಂತ ಲೆಕ್ಕ ಹಾಕಿ ವೈರಿಂಗ್ ಮಾಡಿದ ಮನೆಗೆ ಈಗ ಗೀಸರ್, ವಾಷಿಂಗ್ ಮಷೀನ್ ಬಂದಿವೆ. ಜನ ಕೇಳಿದ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ.

## ಮೊದಲಿಗೆ

ನಮ್ಮನೇಲಿ ಮೂರು ತೂತಿನ ಪ್ಲಗ್ ಪಾಯಿಂಟ್ ಇದೆಯಲ್ಲ, ಅಂದ್ಮೇಲೆ ಅರ್ಥಿಂಗ್ ಇದ್ದೇ ಇರುತ್ತೆ ಅಲ್ವಾ?

ಇರುತ್ತೆ ಅಂತ ಹೇಳೋಕೆ ಆಗಲ್ಲ. ಮೇಲಿನ ದೊಡ್ಡ ತೂತು ಅರ್ಥ್‌ದು, ಅಂದರೆ ಸೋರಿದ ಕರೆಂಟನ್ನ ಮಣ್ಣಿಗೆ ಇಳಿಸುವ ವೈರಿನದು, ನಿಜ. ಆದರೆ ಆ ತೂತಿನ ಹಿಂದೆ ವೈರ್ ಇದೆಯಾ ಇಲ್ಲವಾ ಅನ್ನೋದು ಹೊರಗಿನಿಂದ ಗೊತ್ತಾಗಲ್ಲ. ಹಳೇ ಮನೆಗಳಲ್ಲಿ ಬೋರ್ಡ್ ಬಿಚ್ಚಿದರೆ ಬಹಳ ಸಲ ಎರಡೇ ವೈರ್ ಸಿಗುತ್ತವೆ, ಕರೆಂಟ್ ತರುವ ಫೇಸ್ ಒಂದು, ಅದನ್ನ ವಾಪಸ್ ಒಯ್ಯುವ ನ್ಯೂಟ್ರಲ್ ಒಂದು. ಅರ್ಥ್ ಸ್ಕ್ರೂ ಖಾಲಿ. ಯಾರೋ ಹಳೇ ಎರಡು ತೂತಿನ ಸಾಕೆಟ್ ತೆಗೆದು ಹೊಸದು ಕೂರಿಸಿದ್ದಾರೆ, ಅಷ್ಟೇ. ಕೆಲವು ಕಡೆ ಹಸಿರು ವೈರ್ ಇರುತ್ತೆ, ಆದರೆ ಅದು ಮೀಟರ್ ಬೋರ್ಡ್ ತನಕ ಬಂದು ಅಲ್ಲೇ ನಿಂತಿರುತ್ತೆ. ಮಣ್ಣಿಗೆ ಇಳಿದಿರಲ್ಲ.

ಅಣ್ಣಾ, ಹೊಸ ವಾಷಿಂಗ್ ಮಷೀನ್, ಮುಟ್ಟಿದ್ರೆ ಜುಮ್ ಅಂತೈತಿ. ಮಷೀನೇ ಕೆಟ್ಟಿದೆಯಾ? ಬದಲಾಯಿಸಿಕೊಡಿ ಅಂತ ಅಂಗಡಿಗೆ ಕೇಳ್ಲಾ?

ಬರೀ ಸಣ್ಣಗೆ ಜುಮ್ ಅನ್ನೋದಾದರೆ ಮಷೀನ್ ಸರಿಯಾಗೇ ಇರಬಹುದು. ಈಗಿನ ಮಷೀನ್‌ಗಳಲ್ಲಿ ಕರೆಂಟ್ ಒಳಗೆ ಬರುವ ಜಾಗದಲ್ಲೇ ಒಂದು ಫಿಲ್ಟರ್ ಇರುತ್ತೆ. ಅದರಲ್ಲಿನ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಮಷೀನಿನ ಬಾಡಿಗೆ ಜೋಡಿಸಿರುತ್ತವೆ. ಅರ್ಥ್ ಇದ್ದರೆ ಆ ಸಣ್ಣ ಕರೆಂಟ್ ಸುಮ್ನೆ ಮಣ್ಣಿಗೆ ಹೋಗುತ್ತೆ. ಇಲ್ಲದಿದ್ದರೆ ಬಾಡಿ ಮೇಲೆ 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸು ನಿಲ್ಲುತ್ತೆ, ಟೆಸ್ಟರ್ ಹಾಕಿದರೆ ಹತ್ತುತ್ತೆ. ಹರಿಯುವ ಕರೆಂಟ್ ಒಂದು ಮಿಲಿ ಆಂಪ್ ಒಳಗೇ ಇರುತ್ತೆ, ಹಾಗಾಗಿ ಅದರಿಂದ ಜೀವ ಹೋಗಲ್ಲ.

ಹಾಗಂತ ಬಿಟ್ಟುಬಿಡಬೇಡಿ. ಆ ಜುಮ್ ಅನ್ನೋದೇ ಮನೆಯಲ್ಲಿ ಅರ್ಥಿಂಗ್ ಇಲ್ಲ ಅಂತ ಹೇಳುತ್ತಿದೆ. ನಾಳೆ ಮೋಟಾರ್ ವೈರ್ ಸವೆದು ಬಾಡಿಗೆ ತಾಗಿದರೆ ಅದೇ ಬಾಡಿ ಮೇಲೆ ಪೂರ್ತಿ 230 ವೋಲ್ಟ್ ಬರುತ್ತೆ. ಒದ್ದೆ ಕೈ, ಒದ್ದೆ ಕಾಲಲ್ಲಿ ಮೈಯ ರೆಸಿಸ್ಟೆನ್ಸ್ ಸಾವಿರ ಓಮ್‌ಗೆ ಇಳಿಯಬಹುದು. ಆಗ ಹರಿಯೋದು 230 ಮಿಲಿ ಆಂಪ್. ಅದು ಕೊಲ್ಲುವ ಕರೆಂಟ್. ಕೈ ಎಳೆದುಕೊಳ್ಳುವಷ್ಟು ಜೋರಾಗಿ ಹೊಡೆಯುತ್ತಿದ್ದರೆ ಮಾತ್ರ ಮಷೀನಿನ ದೋಷವೇ ಇರಬೇಕು. ಪ್ಲಗ್ ತೆಗೆದು ಮೆಕ್ಯಾನಿಕ್ ಕರೆಸಿ.

ಗೀಸರ್ ಹಾಕಿಸಿ ವರ್ಷಗಳಾದವು, ಏನೂ ಆಗಿರಲಿಲ್ಲ. ಈಗ ನಲ್ಲಿ ನೀರಲ್ಲೇ ಶಾಕ್ ಹೊಡೀತಿದೆ. ಹೇಗೆ?

ನಮ್ಮ ಕಡೆಯ ಬೋರ್ ನೀರೇ ಇದಕ್ಕೆ ದೊಡ್ಡ ಕಾರಣ. ಗೀಸರ್ ಒಳಗೆ ಕಾಯಿಸುವ ಕಾಯಿಲ್ ಒಂದು ಲೋಹದ ಕೊಳವೆಯೊಳಗೆ ಇರುತ್ತೆ. ಕಾಯಿಲ್‌ಗೂ ಕೊಳವೆಗೂ ನಡುವೆ ಕರೆಂಟ್ ದಾಟದ ಬಿಳೀ ಪುಡಿ ತುಂಬಿರುತ್ತಾರೆ. ಸವಳು ನೀರಿನಲ್ಲಿ ಕೊಳವೆ ಮೇಲೆ ಸುಣ್ಣದ ಪದರ ಕಟ್ಟುತ್ತೆ. ಪದರ ದಪ್ಪ ಆದಷ್ಟೂ ಬಿಸಿ ನೀರಿಗೆ ಇಳಿಯಲ್ಲ, ಕೊಳವೆಯೇ ಸುಟ್ಟು ಬಿರುಕು ಬಿಡುತ್ತೆ. ಬಿರುಕಿನಿಂದ ಒಳಗೆ ನೀರು ಹೋಯಿತು ಅಂದರೆ ಫೇಸ್ ನೇರ ನೀರಿಗೆ ಸಿಕ್ಕಿತು. ಲೋಹದ ನಲ್ಲಿ, ಶವರ್ ಎಲ್ಲ ಜೀವಂತ ತಂತಿ ಆದ ಹಾಗೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರಲ್ಲ. ಕಾಯಿಲ್ ಹೀಗೆ ಬಿರುಕು ಬಿಟ್ಟ ಮೇಲೂ ಗೀಸರ್ ನೀರು ಕಾಯಿಸುತ್ತಲೇ ಇರುತ್ತೆ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ.

ಎಂಸಿಬಿ ಹಾಕಿಸಿದೀವಿ. ಶಾಕ್ ಆದ್ರೆ ಅದು ಬೀಳುತ್ತಲ್ವಾ?

ಬೀಳಲ್ಲ. ಎಂಸಿಬಿ ಇರೋದು ವೈರ್ ಸುಡದಿರಲಿ ಅಂತ. 16 ಆಂಪ್ ಎಂಸಿಬಿಗೆ 16 ಆಂಪ್ ಮೀರಿ ಹರಿದರೆ ಮಾತ್ರ ಚಿಂತೆ. ನಿಮ್ಮ ಮೈಯಲ್ಲಿ ಕಾಲು ಆಂಪ್ ಹರಿದರೆ ಅದು ಒಂದು ಬಲ್ಬು ಹಾಕಿದಷ್ಟೇ ಅಂದುಕೊಳ್ಳುತ್ತೆ.

ಸರಿ ಮಾಡಿಸೋ ತನಕ ಏನು ಮಾಡ್ಲಿ? ಸ್ನಾನ ಬಿಡೋಕಾಗಲ್ವಲ್ಲ.

ನೀರು ಕಾಯಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಬಕೆಟ್‌ಗೆ ಹಿಡಿದುಕೊಂಡು ಸ್ನಾನ ಮಾಡಿ. ಪ್ಲಗ್ ಕೀಳಲೇಬೇಕು, ಸ್ವಿಚ್ ಒಂದನ್ನೇ ನಂಬಬೇಡಿ. ಹಳೇ ಬೋರ್ಡ್‌ಗಳಲ್ಲಿ ಫೇಸ್ ನ್ಯೂಟ್ರಲ್ ಅದಲು ಬದಲು ಆಗಿರೋದು ಮಾಮೂಲು. ಹಾಗಿದ್ದರೆ ಸ್ವಿಚ್ ಕಡಿಯೋದು ನ್ಯೂಟ್ರಲ್ ಅನ್ನ, ಆಫ್ ಮಾಡಿದ ಮೇಲೂ ಕಾಯಿಲ್‌ನಲ್ಲಿ ಫೇಸ್ ಇರುತ್ತೆ. ಮಷೀನಿಗೂ ಇದೇ ನಿಯಮ. ಓಡುವಾಗ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೆ ಬಟ್ಟೆ ತೆಗೆಯಿರಿ. ಈಗಾಗಲೇ ನೀರಲ್ಲಿ ಶಾಕ್ ಬಂದಿದ್ದರೆ ಗೀಸರ್ ಹಾಕಲೇಬೇಡಿ, ಒಲೆ ಮೇಲೆ ಕಾಯಿಸಿಕೊಳ್ಳಿ. ಅದರ ಬದಲು ನೀರು ಕಾಯಿಸುವ ರಾಡ್ ತರುತ್ತೇನೆ ಅನ್ನಬೇಡಿ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಗೀಸರ್‌ಗಿಂತ ಅಪಾಯ.

## ಇದೆಯೋ ಇಲ್ಲವೋ ನೋಡೋದು

ಟೆಸ್ಟರ್ ಹಾಕಿದ್ರೆ ಅರ್ಥ್ ತೂತಲ್ಲಿ ಲೈಟ್ ಹತ್ತಲ್ಲ. ಅಂದ್ರೆ ಅರ್ಥಿಂಗ್ ಸರಿ ಇದೆ ತಾನೆ?

ಖಾಲಿ ತೂತಿನಲ್ಲೂ ಟೆಸ್ಟರ್ ಹತ್ತಲ್ಲ. ಅದರಿಂದ ಏನೂ ತಿಳಿಯಲ್ಲ. ಹತ್ತಿದರೆ ಮಾತ್ರ ಒಂದು ಮಾತು ಖಾತ್ರಿ, ಅಲ್ಲಿ ಏನೋ ಗಂಭೀರ ತಪ್ಪಿದೆ.

ಮಲ್ಟಿಮೀಟರ್‌ನಲ್ಲಿ ಮೂರು ಅಳತೆ ತೆಗೆಯಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಹತ್ತಿರ, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬಂದರೆ ಅರ್ಥ್ ಇರಬಹುದು ಅನ್ನಬಹುದು. ಫೇಸ್ ಮತ್ತು ಅರ್ಥ್ ನಡುವೆ 40, 70 ಅಂತ ಕುಣಿಯುತ್ತಿದ್ದರೆ ತೂತು ಖಾಲಿ. ಮೀಟರ್ ಗಾಳಿಯಲ್ಲಿ ಹಿಡಿದುಕೊಂಡ ವೋಲ್ಟೇಜ್ ಅದು.

ಆದರೂ ಕೊನೆಗೆ ನಂಬಬೇಕಾದ್ದು ಬಲ್ಬ್ ಪರೀಕ್ಷೆಯನ್ನ. ಹಳೇ ತಂತಿಯ 100 ವ್ಯಾಟ್ ಬಲ್ಬನ್ನು ಫೇಸ್‌ಗೂ ಅರ್ಥ್‌ಗೂ ಹಾಕಿ, ಚೆನ್ನಾಗಿ ಹತ್ತುತ್ತಾ ಅಂತ ನೋಡೋದು. ಇದನ್ನ ಎಲೆಕ್ಟ್ರೀಷಿಯನ್ನೇ ಮಾಡಲಿ. ಯಾಕೆಂದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದ್ದರೆ ಬಲ್ಬಿನ ಮೂಲಕ ಬಂದ ಫೇಸ್, ಅದೇ ವೈರಿಗೆ ಸೇರಿದ ಫ್ರಿಜ್, ಮಷೀನ್ ಬಾಡಿಗಳಿಗೆಲ್ಲ ಹೋಗುತ್ತೆ. ಮೊದಲು ಮನೆಯ ಎಲ್ಲಾ ಪ್ಲಗ್ ಕಿತ್ತಿಡಬೇಕು.

ಎಲೆಕ್ಟ್ರೀಷಿಯನ್ ಬಂದು ಸಾಕೆಟ್ ಒಳಗೇ ಒಂದು ತುಂಡು ವೈರ್ ಹಾಕಿ ಹೋದ. ಶಾಕ್ ನಿಂತೇ ಹೋಯ್ತು. ಇಷ್ಟು ಸುಲಭ ಇದ್ರೆ ಮಣ್ಣಲ್ಲಿ ಅರ್ಥ್ ಗುಂಡಿ ತೋಡಿಸೋದು ಯಾಕೆ ಬೇಕು?

ಆ ತುಂಡು ವೈರ್ ನ್ಯೂಟ್ರಲ್‌ನಿಂದ ಅರ್ಥ್ ಸ್ಕ್ರೂಗೆ ಹಾಕಿದ್ದರೆ ಇವತ್ತೇ ತೆಗೆಸಿ. ಇಡೀ ಪುಟದಲ್ಲಿ ಇದೊಂದನ್ನು ಓದಿದರೂ ಸಾಕು ಅನ್ನುವಷ್ಟು ಅಪಾಯ ಇದು.

ಜುಮ್ ಅನ್ನೋದು ನಿಲ್ಲುತ್ತೆ, ನಿಜ, ಯಾಕೆಂದರೆ ಆ ಸಣ್ಣ ಕರೆಂಟ್‌ಗೆ ನ್ಯೂಟ್ರಲ್‌ನಲ್ಲಿ ದಾರಿ ಸಿಕ್ಕಿತು. ಈಗ ಗಾಳಿಗೆ ಕಂಬದ ಮೇಲೆ ನಿಮ್ಮ ನ್ಯೂಟ್ರಲ್ ಕಿತ್ತಿತು ಅಥವಾ ಫ್ಯೂಸ್ ಕಟೌಟ್‌ನಲ್ಲಿ ಲೂಸ್ ಆಯಿತು ಅಂದುಕೊಳ್ಳಿ. ಮನೆಯಲ್ಲಿ ಲೈಟ್ ಹತ್ತಲ್ಲ, ಕರೆಂಟ್ ಹೋಗಿದೆ ಅಂತ ನೀವು ತಿಳಿಯುತ್ತೀರಿ. ಆದರೆ ಫೇಸ್ ಬರುತ್ತಲೇ ಇದೆ. ಅದು ಆನ್ ಇರುವ ಬಲ್ಬು, ಫ್ಯಾನಿನ ಮೂಲಕ ಹಾದು ನ್ಯೂಟ್ರಲ್ ವೈರಿಗೆ ಬಂದು, ಅಲ್ಲಿಂದ ಆ ತುಂಡು ವೈರ್ ಹಿಡಿದು ಮಷೀನಿನ ಬಾಡಿಗೆ ಬರುತ್ತೆ. ಕರೆಂಟ್ ಇಲ್ಲ ಅಂತ ನಂಬಿ ಮುಟ್ಟಿದವರಿಗೆ ಪೂರ್ತಿ ಹೊಡೆತ. ಫೇಸ್ ನ್ಯೂಟ್ರಲ್ ಅದಲು ಬದಲಾದರೆ ಇನ್ನೂ ನೇರ, ಬಾಡಿಯೇ ಫೇಸ್.

ಪತ್ತೆ ಮಾಡೋದು ಹೇಗೆ? ಗೀಸರ್ ಆನ್ ಮಾಡಿ ಅದೇ ಲೈನಿನ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ. ನಿಜವಾದ ಅರ್ಥ್ ಇದ್ದರೆ ಲೋಡ್ ಬಿದ್ದಾಗ ವೋಲ್ಟೇಜ್ ಸ್ವಲ್ಪ ಏರುತ್ತೆ. ಲೋಡ್ ಇರಲಿ ಬಿಡಲಿ ಸೊನ್ನೆಯೇ ತೋರಿಸಿದರೆ ತುಂಡು ವೈರಿನ ಅನುಮಾನ ಪಡಿ. ಮೇನ್ ಆಫ್ ಮಾಡಿಸಿ ಬೋರ್ಡ್ ಬಿಚ್ಚಿಸಿದರೆ ಕಣ್ಣಿಗೇ ಕಾಣುತ್ತೆ.

ನಲ್ಲಿ ಪೈಪಿಗೆ ಕಟ್ಟಿದ್ರೆ ಆಗಲ್ವಾ? ಹಿಂದೆ ಎಲ್ಲಾರೂ ಹಂಗೇ ಮಾಡ್ತಿದ್ರಲ್ಲ.

ಹಿಂದೆ ಪೈಪು ಮನೆಯಿಂದ ಬೀದಿ ತನಕ ಕಬ್ಬಿಣವೇ ಇರುತ್ತಿತ್ತು. ಈಗ ಎಲ್ಲಾದರೂ ಒಂದು ಕಡೆ ಪ್ಲಾಸ್ಟಿಕ್ ತುಂಡು ಸೇರಿರುತ್ತೆ, ಮಣ್ಣಿನ ಸಂಪರ್ಕ ಅಲ್ಲಿಗೆ ಮುಗಿಯಿತು. ಆಮೇಲೆ ನಿಮ್ಮ ಮಷೀನಿನ ಫೇಸ್ ಪಕ್ಕದ ಮನೆಯವರ ನಲ್ಲಿಯಲ್ಲಿ ಬರುತ್ತೆ. ಕಿಟಕಿ ಸರಳು, ಬಾಗಿಲ ಚೌಕಟ್ಟು, ಬಟ್ಟೆ ಒಣಗಿಸುವ ತಂತಿ ಕೂಡ ಬೇಡ. ಬೋರ್‌ನ ಕೇಸಿಂಗ್ ಪೈಪೂ ಬೇಡ, ಬಹಳ ಕಡೆ ಅದೂ ಪ್ಲಾಸ್ಟಿಕ್ಕೇ.

## ಸರಿ ಮಾಡಿಸೋದು

ಓನರ್ ಒಂದು ರೂಪಾಯಿ ಹಾಕಲ್ಲ ಅಂತಾರೆ, ಗೋಡೆ ಒಡೀಬೇಡಿ ಅಂತಾರೆ. ಬಾಡಿಗೆದಾರರಾಗಿ ನಾವೇನು ಮಾಡಬಹುದು?

ಮೊದಲು ಆರ್‌ಸಿಸಿಬಿ ಹಾಕಿಸಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಗುಂಡಿ ಆಮೇಲೆ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬದಲ್ಲಿ 25 ಆಂಪ್, ಎರಡು ಪೋಲ್, 30 ಮಿಲಿ ಆಂಪ್ ಆರ್‌ಸಿಸಿಬಿ, ಅದರ ಜೊತೆ 16 ಆಂಪ್ ಎಂಸಿಬಿ, ಒಂದು 16 ಆಂಪ್ ಸಾಕೆಟ್ ಕೂರಿಸಿ, ಹಳೇ ಪಾಯಿಂಟಿನ ಜಾಗದಲ್ಲಿ ಬಚ್ಚಲು ಮನೆಯ ಹೊರಗೆ ಜೋಡಿಸಬಹುದು. ಗೋಡೆ ಒಡೆಯಬೇಕಿಲ್ಲ. ಮನೆ ಬಿಡುವಾಗ ಹಳೇ ಸಾಕೆಟ್ ವಾಪಸ್ ಕೂರಿಸಿ ಡಬ್ಬ ತೆಗೆದುಕೊಂಡು ಹೋಗಿ. ಮೇನ್‌ನಲ್ಲೇ ಒಂದು ಹಾಕಿದರೆ ಇಡೀ ಮನೆಗೆ ಆಗುತ್ತೆ, ಅದಕ್ಕೆ ಓನರ್ ಒಪ್ಪಬೇಕು. ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವ ಮಾತಾದರೆ ಬರೆದು ಇಟ್ಟುಕೊಳ್ಳಿ.

ಕೊಳ್ಳುವಾಗ 30 ಮಿಲಿ ಆಂಪ್ ಅಂತ ನೋಡಿ. 100, 300ರವೂ ಅಂಗಡಿಯಲ್ಲಿ ಸಿಗುತ್ತವೆ, ಜೀವ ಉಳಿಸೋಕೆ ಅವು ಸಾಲಲ್ಲ. ಇನ್ವರ್ಟರ್ ಮೋಟಾರ್ ಇರುವ ಮಷೀನ್ ಆದರೆ ‘ಎ’ ಟೈಪ್ ಕೇಳಿ. ಗೀಸರ್ ಲೈನಿನ ವೈರ್ 2.5 ಚದರ ಮಿಲಿಮೀಟರ್ ತಾಮ್ರದ್ದು ಇದೆಯಾ ಅಂತಲೂ ಆಗಲೇ ನೋಡಿಸಿ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತೆ, 3 ಕಿಲೋವ್ಯಾಟ್‌ದು 13. ಬಲ್ಬಿನ ಲೈನಿನಿಂದ ಎಳೆದ ತೆಳ್ಳನೆ ವೈರ್ ಅದನ್ನ ತಡೆಯಲ್ಲ.

ಅರ್ಥಿಂಗೇ ಇಲ್ಲದ ಮನೇಲಿ ಆರ್‌ಸಿಸಿಬಿ ಕೆಲಸ ಮಾಡುತ್ತಾ? ಕೆಲವರು ವೇಸ್ಟ್ ಅಂತಾರೆ.

ಮಾಡುತ್ತೆ. ಅದು ಅರ್ಥ್ ವೈರನ್ನು ನೋಡೋದೇ ಇಲ್ಲ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಲೆಕ್ಕ ನೋಡುತ್ತೆ. ವ್ಯತ್ಯಾಸ 30 ಮಿಲಿ ಆಂಪ್ ತಲುಪುವ ಹೊತ್ತಿಗೆ ಬೀಳುತ್ತೆ. 30ಕ್ಕೆ 0.3 ಸೆಕೆಂಡ್ ಒಳಗೆ, ಅದರ ಐದು ಪಟ್ಟು ಹರಿದರೆ 0.04 ಸೆಕೆಂಡ್ ಒಳಗೆ.

ಆದರೆ ಒಂದು ವ್ಯತ್ಯಾಸ ಇದೆ. ಅರ್ಥ್ ಇದ್ದರೆ ದೋಷ ಹುಟ್ಟಿದ ಕ್ಷಣವೇ ಕರೆಂಟ್ ಮಣ್ಣಿಗೆ ಸೋರುತ್ತೆ, ಯಾರೂ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತೆ. ಅರ್ಥ್ ಇಲ್ಲದಿದ್ದರೆ ಬಾಡಿ ಫೇಸ್ ಹಿಡಿದುಕೊಂಡು ಕಾಯುತ್ತೆ, ನೀವು ಮುಟ್ಟಿದಾಗ ನಿಮ್ಮ ಮೈ ಮೂಲಕವೇ ಸೋರಿ ಆಮೇಲೆ ಬೀಳುತ್ತೆ. ಒಂದು ಪೆಟ್ಟು ತಿನ್ನುತ್ತೀರಿ, ಬದುಕುತ್ತೀರಿ. ಒದ್ದೆ ನೆಲದಲ್ಲಿ ಜಾರಿ ಬೀಳುವ ಅಪಾಯ ಇದ್ದೇ ಇದೆ. ಇನ್ನೊಂದು, ಒಂದು ಕೈಯಲ್ಲಿ ಫೇಸ್ ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ಲೆಕ್ಕದಲ್ಲಿ ವ್ಯತ್ಯಾಸವೇ ಕಾಣದಿರಬಹುದು, ಅಲ್ಲಿ ಅದು ಕಾಯಲ್ಲ.

ಅಂಗಳದಲ್ಲಿ ಸ್ವಲ್ಪ ಜಾಗ ಇದೆ, ಓನರೂ ಒಪ್ಪಿದಾರೆ. ಗುಂಡಿ ಹೇಗೆ ತೋಡಿಸಬೇಕು?

ಸಾಮಾನ್ಯ ಮನೆಗೆ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣದ ಪೈಪ್ ಸಾಕು. 40 ಮಿಲಿಮೀಟರ್ ಅಗಲ, ಎರಡೂವರೆ ಮೀಟರ್ ಉದ್ದ. ಗೋಡೆಯಿಂದ ಸುಮಾರು ಒಂದೂವರೆ ಮೀಟರ್ ದೂರ ಇರಲಿ. ಅಲ್ಲಿಂದ ಮನೆಗೆ ದಪ್ಪ ಜಿಐ ತಂತಿ ಅಥವಾ 4 ಚದರ ಮಿಲಿಮೀಟರ್ ತಾಮ್ರದ ವೈರ್, ಒಳಗೆ ಸಾಕೆಟ್ ತನಕ 2.5ರ ಹಸಿರು ವೈರ್. ಗೋಡೆ ಒಡೆಯದೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಎಳೆಯಬಹುದು. ಪೈಪಿಗೆ ವೈರ್ ಸುತ್ತಿ ಬಿಡಬೇಡಿ, ಕ್ಲ್ಯಾಂಪ್ ಹಾಕಿ ಬೋಲ್ಟ್ ಬಿಗಿಯಬೇಕು.

ಇಲ್ಲಿ ಮಣ್ಣಿನ ಮಾತು ಬರುತ್ತೆ. ಎರೆ ಮಣ್ಣು ಹಸಿ ಇದ್ದಾಗ ಅರ್ಥಿಂಗ್‌ಗೆ ಬಹಳ ಒಳ್ಳೇದು. ಆದರೆ ಏಪ್ರಿಲ್, ಮೇ ಬಂತು ಅಂದರೆ ಅದು ಬಿರಿಯುತ್ತೆ, ಪೈಪಿನಿಂದ ದೂರ ಸರಿಯುತ್ತೆ, ಪೈಪು ಗಾಳಿಯಲ್ಲಿ ನಿಂತ ಹಾಗೆ ಆಗುತ್ತೆ. ಅಲ್ಲಿ ಪೈಪಿನ ಸುತ್ತ ಬೆಂಟೊನೈಟ್ ಅರ್ಥಿಂಗ್ ಪೌಡರ್ ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿ. ಇದ್ದಿಲು ಉಪ್ಪಿನ ಹಳೇ ಪದ್ಧತಿಯೂ ನಡೆಯುತ್ತೆ, ಆದರೆ ಉಪ್ಪು ಮಳೆಗೆ ಕೊಚ್ಚಿಹೋಗುತ್ತೆ, ಪೈಪನ್ನೂ ತಿನ್ನುತ್ತೆ. ಕೊಪ್ಪಳದ ಗುಡ್ಡದ ಪಕ್ಕ, ಬಳ್ಳಾರಿಯ ಕೋಟೆ ಗುಡ್ಡದ ಬುಡದಲ್ಲಿ ಮೂರಡಿಗೇ ಬಂಡೆ ಸಿಗಬಹುದು. ಆಗ ಪೈಪ್ ಕತ್ತರಿಸಿ ಮೋಟು ಮಾಡಿ ಹೂಳುವವರಿದ್ದಾರೆ, ಒಪ್ಪಬೇಡಿ. ಉದ್ದಕ್ಕೆ ಕಾಲುವೆ ತೋಡಿ ಜಿಐ ಪಟ್ಟಿ ಮಲಗಿಸೋದು ಮೇಲು, ಅಥವಾ ಡ್ರಿಲ್ ಮಾಡಿಸಿ.

## ಸ್ವಲ್ಪ ಆಳಕ್ಕೆ

ಗುಂಡಿ ಆಯ್ತು, ಸಾಕೆಟ್‌ಗೆ ಅರ್ಥ್ ಬಂತು. ಇನ್ನೂ ಆರ್‌ಸಿಸಿಬಿ ಯಾಕೆ? ಸುಮ್ನೆ ಖರ್ಚು ಅಲ್ವಾ?

ಒಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಹೊಸ ಪೈಪಿಗೆ 100 ವ್ಯಾಟ್ ಬಲ್ಬ್ ಪರೀಕ್ಷೆ ಮಾಡಿದೆವು ಅಂದುಕೊಳ್ಳಿ. ಬಲ್ಬ್ ಚೆನ್ನಾಗೇ ಹತ್ತಿತು, ನೋಡಿದವರಿಗೆ ಖುಷಿ. ಬಲ್ಬ್ ಹತ್ತಿರುವಾಗಲೇ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದರೆ 23 ವೋಲ್ಟ್. ಬಲ್ಬ್ ಇಲ್ಲದಾಗ ಹತ್ತಿರ ಹತ್ತಿರ ಸೊನ್ನೆ. ಹರಿಯುತ್ತಿರುವ ಕರೆಂಟ್ ಸುಮಾರು 0.39 ಆಂಪ್. 23ನ್ನು 0.39ರಿಂದ ಭಾಗಿಸಿದರೆ ಹೆಚ್ಚುಕಮ್ಮಿ 60 ಓಮ್. ಇದು ಒರಟು ಲೆಕ್ಕ, ಆದರೆ ಈ ತೀರ್ಮಾನಕ್ಕೆ ಸಾಕು.

ಈಗ ಗೀಸರ್ ಕಾಯಿಲ್ ಪೂರ್ತಿ ಬಾಡಿಗೆ ತಾಗಿತು. 230 ಭಾಗಿಸು 60, ಅಂದರೆ 3.8 ಆಂಪ್ ಮಣ್ಣಿಗೆ ಹರಿಯುತ್ತೆ. 16 ಆಂಪ್ ಎಂಸಿಬಿ ಅಲುಗಾಡಲ್ಲ. ಬಾಡಿ ಮೇಲೆ ಹತ್ತಿರ ಹತ್ತಿರ 230 ವೋಲ್ಟ್ ಹಾಗೇ ನಿಂತಿರುತ್ತೆ. ಅಂದರೆ ಗುಂಡಿ ತೋಡಿಸಿಯೂ ಶಾಕ್ ತಪ್ಪಲಿಲ್ಲ. ಜೊತೆಗೆ 880 ವ್ಯಾಟ್ ಸುಮ್ನೆ ಮಣ್ಣು ಕಾಯಿಸುತ್ತಿದೆ, ಸ್ವಿಚ್ ದಿನವಿಡೀ ಆನ್ ಇದ್ದರೆ ದಿನಕ್ಕೆ 21 ಯೂನಿಟ್. ಕಾರಣ ಇಲ್ಲದೆ ಬಿಲ್ ಏರಿದ ಮನೆಯಲ್ಲಿ ನಾನು ಗೀಸರ್ ಲೈನನ್ನೂ ನೋಡೋದು ಇದಕ್ಕೇ.

ಅದೇ 60 ಓಮ್ ಪೈಪಿನ ಜೊತೆ 30 ಮಿಲಿ ಆಂಪ್ ಆರ್‌ಸಿಸಿಬಿ ಇದ್ದರೆ? ಸೋರಿಕೆ ನಿಧಾನವಾಗಿ ಏರುತ್ತಾ ಬಂದರೆ ಅದು ಬೀಳುವ ಹೊತ್ತಿಗೆ ಬಾಡಿ ಮೇಲಿರೋದು 60 ಗುಣಿಸು 0.03, ಅಂದರೆ 1.8 ವೋಲ್ಟ್. ಒಮ್ಮೆಲೇ ಪೂರ್ತಿ ತಾಗಿದರೂ ಕಣ್ಣು ಮಿಟುಕಿಸುವ ಮೊದಲೇ ಬಿದ್ದಿರುತ್ತೆ. ಬೇಸಿಗೆಯಲ್ಲಿ ಪೈಪು ಒಣಗಿ 200 ಓಮ್ ಆದರೂ 6 ವೋಲ್ಟ್ ಅಷ್ಟೇ. ನಮ್ಮ ಬಂಡೆ ನೆಲದಲ್ಲಿ 2 ಓಮ್‌ನ ಗುಂಡಿ ಮಾಡಲೇಬೇಕು ಅಂತ ಹಣ ಸುರಿಯುವುದಕ್ಕಿಂತ, ಸಾಧಾರಣ ಗುಂಡಿ ಮತ್ತು ಒಂದು ಆರ್‌ಸಿಸಿಬಿ ಎರಡೂ ಇರಲಿ ಅಂತ ನಾನು ಹೇಳೋದು.

ಆರ್‌ಸಿಸಿಬಿ ಹಾಕಿದಾಗಿಂದ ಪದೇ ಪದೇ ಬೀಳ್ತಿದೆ. ಎಲೆಕ್ಟ್ರೀಷಿಯನ್ ಅದನ್ನ ತೆಗೆದುಬಿಡಿ ಅಂತಾನೆ.

ತೆಗೆಯಬೇಡಿ, ಯಾವಾಗ ಬೀಳುತ್ತೆ ನೋಡಿ. ಗೀಸರ್ ಹಾಕಿ ಸ್ವಲ್ಪ ಹೊತ್ತಿಗೆ ಬಿದ್ದರೆ ಕಾಯಿಲ್ ಸೋರುತ್ತಿದೆ. 500 ವೋಲ್ಟ್ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್ ಇಟ್ಟು ನೋಡಿಸಿ, ಮಲ್ಟಿಮೀಟರ್‌ಗೆ ಇದು ಸಿಕ್ಕದೆ ಹೋಗಬಹುದು. ಮಳೆ ಬಂದಾಗ ಮಾತ್ರ ಬಿದ್ದರೆ ಗೋಡೆಯೊಳಗಿನ ವೈರ್ ತೇವ ಹಿಡಿದಿದೆ. ಯಾವ ಸ್ವಿಚ್ ಹಾಕಿದರೂ ತಕ್ಷಣ ಬಿದ್ದರೆ ಬೇರೆ ಲೈನಿನ ನ್ಯೂಟ್ರಲ್ ಇದಕ್ಕೆ ಸೇರಿದೆ. ಒಂದೇ ಮೀಟರ್ ಬೋರ್ಡಿನಿಂದ ನಾಲ್ಕು ಮನೆಗೆ ಎಳೆದ ವಠಾರಗಳಲ್ಲಿ ಇದು ತುಂಬಾ ಜಾಸ್ತಿ. ಎಲ್ಲೋ ಉಳಿದ ಆ ನ್ಯೂಟ್ರಲ್ ತುಂಡು ವೈರ್ ಇದ್ದರೂ, ಹೊಸ ಅರ್ಥ್ ಸೇರಿದ ಮೇಲೆ ಹೀಗೇ ಬೀಳುತ್ತೆ.

ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿದ್ರೆ ಬೀಳುತ್ತೆ. ಅರ್ಥಿಂಗೂ ಸರಿ ಇದೆ ಅಂತ ಆಯ್ತಲ್ಲ?

ಇಲ್ಲ. ಆ ಬಟನ್ ಆರ್‌ಸಿಸಿಬಿ ಒಳಗೇ ಸುಳ್ಳು ಸೋರಿಕೆ ಮಾಡುತ್ತೆ. ಅರ್ಥ್ ವೈರೇ ಇಲ್ಲದ ಮನೆಯಲ್ಲೂ ಬೀಳುತ್ತೆ. ತಿಂಗಳಿಗೊಮ್ಮೆ ಒತ್ತಿ, ಆದರೆ ಅರ್ಥ್ ಪರೀಕ್ಷೆ ಬೇರೆಯೇ ಮಾಡಿಸಿ.

ಜೆಸ್ಕಾಂಗೆ ಫೋನ್ ಮಾಡಿದ್ರೆ ಬಂದು ಸರಿ ಮಾಡ್ತಾರಾ?

ಕಂಬದಿಂದ ಮೀಟರ್ ತನಕದ ದೋಷಕ್ಕೆ, ಅಂದರೆ ನ್ಯೂಟ್ರಲ್ ಲೂಸ್, ಲೈಟ್ ಒಮ್ಮೆ ಜೋರು ಒಮ್ಮೆ ಮಂದ, ಇಂಥದ್ದಕ್ಕೆ 1912ಕ್ಕೆ ಮಾಡಿ. ಮನೆ ಒಳಗಿನ ವೈರಿಂಗ್‌ಗೆ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನೇ ಬೇಕು.

ವಠಾರಕ್ಕೆಲ್ಲ ಸೇರಿ ಒಂದೇ ಅರ್ಥ್ ಗುಂಡಿ. ನಮ್ಮನೇಲಿ ಆರ್‌ಸಿಸಿಬಿ ಇದೆ, ಆದ್ರೂ ಮಷೀನಲ್ಲಿ ಶಾಕ್. ಅದು ಬೀಳ್ತಾನೂ ಇಲ್ಲ!

ನಿಮ್ಮ ಮೇನ್ ಆಫ್ ಮಾಡಿ ನೋಡಿ. ಆಗಲೂ ಟೆಸ್ಟರ್ ಮಷೀನಿನ ಬಾಡಿ ಮೇಲೆ ಹತ್ತಿದರೆ ದೋಷ ನಿಮ್ಮ ಮನೆಯದಲ್ಲ. ಪಕ್ಕದವರ ಗೀಸರ್ ಸೋರುತ್ತಿದೆ, ಅವರಿಗೆ ಆರ್‌ಸಿಸಿಬಿ ಇಲ್ಲ. ಮೇಲಿನ 60 ಓಮ್ ಲೆಕ್ಕದಲ್ಲಿ ಅವರ ಬಾಡಿ ಮೇಲೆ ನಿಂತ ವೋಲ್ಟೇಜ್ ಗುಂಡಿಯ ಕಡೆಗೆ ಬಂದು, ಅದೇ ಅರ್ಥ್ ವೈರ್ ಹಿಡಿದು ನಿಮ್ಮ ಮಷೀನಿಗೆ ವಾಪಸ್ ಹತ್ತುತ್ತೆ. ಆ ಕರೆಂಟ್ ನಿಮ್ಮ ಫೇಸ್‌ನಿಂದ ಹೋದದ್ದಲ್ಲ, ಹಾಗಾಗಿ ನಿಮ್ಮ ಆರ್‌ಸಿಸಿಬಿಗೆ ಅದು ಕಾಣಲ್ಲ.

ಸದ್ಯಕ್ಕೆ ಮಷೀನಿನ ಪ್ಲಗ್ ಕಿತ್ತಿಡಿ, ಸಾಕೆಟ್ಟಿನ ಅರ್ಥ್ ತೂತಲ್ಲಿ ಟೆಸ್ಟರ್ ಇಟ್ಟು, ಪಕ್ಕದ ಮನೆಗಳ ಗೀಸರ್ ಒಂದೊಂದಾಗಿ ಪ್ಲಗ್ ತೆಗೆಸಿ ನೋಡಿ. ಯಾವುದನ್ನು ಕಿತ್ತಾಗ ಟೆಸ್ಟರ್ ಆರುತ್ತೋ ಅದೇ ಕಳ್ಳ. ಒಂದೇ ಗುಂಡಿ ಹಂಚಿಕೊಂಡ ಮೇಲೆ ಎಲ್ಲಾ ಮನೆಗೂ 30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿಸಬೇಕು. ಒಂದು ಮನೆ ಬಿಟ್ಟರೂ ಅವರ ದೋಷ ಎಲ್ಲರ ಬಚ್ಚಲಿಗೂ ಬರುತ್ತೆ. ಓನರ್ ಜೊತೆ ಮಾತಾಡುವಾಗ ನಾಲ್ಕೂ ಮನೆಯವರು ಒಟ್ಟಿಗೆ ಹೋಗಿ.